ಆಣೆ ಬೇಡ, ಸಾಲದ ಪಟ್ಟಿ ಕೇಳಿ

ಪ್ರಶ್ನೆ: ನಾವಿಬ್ಬರೂ ದುಡಿಯುತ್ತೇವೆ. ಮದುವೆಯಾಗಿ ಹನ್ನೊಂದು ವರ್ಷವಾಯಿತು. ಎರಡು ವರ್ಷಗಳಿಂದ ನನ್ನ ಪತಿ ಮೊಬೈಲ್‌ನಲ್ಲಿ ಹಣ ಕಟ್ಟಿ ಜೂಜಾಡುತ್ತಿದ್ದಾರೆ. ಹಿಂದೊಮ್ಮೆ ನನ್ನ ಒಡವೆ ಅಡವಿಟ್ಟು ಅವರ ಸಾಲ ತೀರಿಸಿದೆ. ಇನ್ನು ಮುಟ್ಟುವುದಿಲ್ಲವೆಂದು ಆಣೆ ಮಾಡಿದರು. ಮೂರು ತಿಂಗಳಲ್ಲಿ ಮತ್ತೆ ಸಾಲ ಕೊಟ್ಟವರ ಕರೆಗಳು ಶುರುವಾದವು. ಎದುರು ಕುಳಿತು ಮಾತಾಡಿದರೆ ಜಗಳವಾಗುತ್ತದೆ, ಆದ್ದರಿಂದ ಪತ್ರ ಬರೆಯಲು ಕುಳಿತೆ. ನಾಲ್ಕು ಪುಟ ಬರೆದು ಹರಿದು ಹಾಕಿದೆ. ಮನೆಯ ಹಣವನ್ನು ಇಬ್ಬರೂ ಸೇರಿ ನೋಡಿಕೊಳ್ಳೋಣ ಎಂಬುದನ್ನು ಹೇಗೆ ಬರೆಯಲಿ? ನನ್ನ ಉಳಿತಾಯದಿಂದ ಈ ಸಲವೂ ಸಾಲ ತೀರಿಸಿ, ಹೊಸದಾಗಿ ಆರಂಭಿಸುವುದು ಒಳ್ಳೆಯದೇ?

ಉತ್ತರ: ಕೊನೆಯ ಪ್ರಶ್ನೆಯನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಪತ್ರದ ಉಳಿದೆಲ್ಲ ಮಾತೂ ಅದರ ಮೇಲೆ ನಿಂತಿದೆ. ತೀರಿಸಬೇಡಿ. ಒಮ್ಮೆಲೇ ಅಂತೂ ಬೇಡವೇ ಬೇಡ.

ಇದು ಕಠಿಣವಾಗಿ ಕೇಳಿಸುತ್ತದೆ ಎಂಬುದು ನನಗೆ ಗೊತ್ತು. ಸಾಲ ತೀರಿದರೆ ಮನಸ್ಸು ಹಗುರವಾಗಿ ಜೂಜಿನ ಅಗತ್ಯವೇ ಇರುವುದಿಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ನಡೆಯುವುದು ಬೇರೆ. ಕ್ರೆಡಿಟ್ ಕಾರ್ಡಿನ ಬಾಕಿ ಚುಕ್ತಾ ಆದ ದಿನವೇ ಅದರ ಪೂರ್ತಿ ಮಿತಿ ಮತ್ತೆ ತೆರೆದುಕೊಳ್ಳುತ್ತದೆ. ಹಣ ವಾಪಸು ಪಡೆದ ಗೆಳೆಯ ಮುಂದಿನ ಸಲ ಕೇಳಿದಾಗ ಹಿಂಜರಿಯದೆ ಕೊಡುತ್ತಾನೆ. ಆಡುವವರಿಗೆ ಸಾಲ ತೀರುವುದೆಂದರೆ ಸಾಲ ಸಿಗುವ ಬಾಗಿಲುಗಳು ಮತ್ತೆ ತೆರೆಯುವುದು. ಎಷ್ಟೇ ಕಳೆದರೂ ಕೊನೆಗೆ ಯಾರಾದರೂ ಕೈಹಿಡಿಯುತ್ತಾರೆ ಎಂಬ ಪಾಠವೂ ಒಳಗೊಳಗೇ ಗಟ್ಟಿಯಾಗುತ್ತದೆ. ನಿಮ್ಮ ಒಡವೆ ಅಡವಿಗೆ ಹೋದ ಮೇಲೆ ಮೂರೇ ತಿಂಗಳಲ್ಲಿ ಕರೆಗಳು ಶುರುವಾದದ್ದಕ್ಕೆ ಕಾರಣ ಇದು. ಅವರು ಆಣೆ ಮಾಡುವಾಗ ಸುಳ್ಳು ಹೇಳಿದರು ಎಂದು ನಾನು ಭಾವಿಸುವುದಿಲ್ಲ. ಆ ಗಳಿಗೆಯಲ್ಲಿ ಅದು ನಿಜವೇ ಇದ್ದಿರಬಹುದು.

ಮನೋವೈದ್ಯರು ಬಳಸುವ ಡಿಎಸ್‌ಎಂ-5 ಎಂಬ ಕೈಪಿಡಿ 2013ರಲ್ಲಿ ಹೊರಬಂದಾಗ ಜೂಜಿನ ಗೀಳನ್ನು ಮದ್ಯ ಮತ್ತು ಮಾದಕ ವಸ್ತುಗಳ ಚಟದ ಜೊತೆಗೇ ಸೇರಿಸಿತು. ಅದರಲ್ಲಿ ಒಂಬತ್ತು ಲಕ್ಷಣಗಳಿವೆ. ಹನ್ನೆರಡು ತಿಂಗಳಲ್ಲಿ ನಾಲ್ಕು ಅಥವಾ ಹೆಚ್ಚು ಕಂಡರೆ ಕಾಯಿಲೆ ಎಂದು ಗುರುತಿಸುತ್ತಾರೆ. ಒಂಬತ್ತನ್ನೂ ಇಲ್ಲಿ ಹೇಳುವ ಅಗತ್ಯವಿಲ್ಲ. ಹೆಂಡತಿಗೆ ಕಣ್ಣಿಗೆ ಬೀಳುವುದು ಮುಖ್ಯವಾಗಿ ಮೂರು: ಕಳೆದದ್ದನ್ನು ಮರಳಿ ಗಿಟ್ಟಿಸಲು ಇನ್ನೊಂದು ದಿನ ಮತ್ತೆ ಆಡುವುದು, ಆಟದ ಬಗ್ಗೆ ಸುಳ್ಳು ಹೇಳುವುದು, ಜೂಜಿನಿಂದಾದ ಹಣದ ಮುಗ್ಗಟ್ಟಿನಿಂದ ಪಾರು ಮಾಡಲು ಬೇರೆಯವರನ್ನು ನೆಚ್ಚುವುದು. ಮೂರನೆಯದನ್ನು ಗಮನಿಸಿ. ನೀವು ಸಹಾಯ ಎಂದುಕೊಂಡು ಮಾಡಿದ ಕೆಲಸ ಕಾಯಿಲೆಯ ಲಕ್ಷಣಗಳ ಪಟ್ಟಿಯಲ್ಲಿದೆ. ಇದು ನಿಮ್ಮ ತಪ್ಪೆಂದು ಹೇಳುತ್ತಿಲ್ಲ. ಅದೇ ದಾರಿಯಲ್ಲಿ ಎರಡನೆಯ ಸಲ ನಡೆಯಬೇಡಿ ಎಂದಷ್ಟೇ ನನ್ನ ಮಾತು.

ಈಗ ಪತ್ರ. ಹರಿದು ಹಾಕಿದ ನಾಲ್ಕು ಪುಟಗಳನ್ನು ನಾನು ನೋಡಿಲ್ಲ, ಆದರೂ ಅವುಗಳಲ್ಲಿ ಏನಿತ್ತೆಂದು ಊಹಿಸಬಲ್ಲೆ. ಇಪ್ಪತ್ತು ವರ್ಷಗಳಿಂದ ಇಂಥ ಮನೆಗಳವರ ಜೊತೆ ಕುಳಿತಿದ್ದೇನೆ, ಹತ್ತಾರು ಹೆಂಡತಿಯರ ಪತ್ರಗಳನ್ನು ಓದಿದ್ದೇನೆ. ಮೊದಲ ಪುಟದಲ್ಲಿ ಮದುವೆಯ ಹೊಸತರ ನೆನಪು, ಎರಡನೆಯದರಲ್ಲಿ ಕಳೆದುಹೋದ ಹಣದ ಲೆಕ್ಕ, ಮೂರನೆಯದರಲ್ಲಿ ಮಕ್ಕಳ ಭವಿಷ್ಯ, ಕೊನೆಯಲ್ಲಿ 'ದಯವಿಟ್ಟು ಬಿಟ್ಟುಬಿಡಿ'. ಇದಕ್ಕೆ ಸಿಗುವ ಉತ್ತರವೂ ಒಂದೇ: ಕಣ್ಣೀರು, ಮತ್ತೊಂದು ಆಣೆ. ಬಿಡುತ್ತೇನೆ ಎನ್ನಲು ಅವರಿಗೆ ಏನೂ ಖರ್ಚಿಲ್ಲ. ಆದ್ದರಿಂದ ಮಾತನ್ನು ಕೇಳುವ ಪತ್ರ ಬೇಡ. ಕಾಗದದ ಮೇಲೆ ಬರೆದು ಕೊಡಬಹುದಾದ ಒಂದು ವಸ್ತುವನ್ನು ಕೇಳುವ ಪತ್ರ ಬೇಕು. ಆ ವಸ್ತು ಸಾಲದ ಪಟ್ಟಿ.

'ಎಷ್ಟು ಕಳೆದಿರಿ?' ಎಂದು ಕೇಳಬೇಡಿ. ಆ ಪ್ರಶ್ನೆ ತಪ್ಪೊಪ್ಪಿಗೆಯನ್ನು ಬೇಡುತ್ತದೆ. ನಾಚಿಕೆಯಿಂದ ಮನುಷ್ಯ ಕಡಿಮೆ ಹೇಳುತ್ತಾನೆ. ಎಷ್ಟೋ ಸಲ ಸ್ವತಃ ಅವರಿಗೂ ಲೆಕ್ಕ ಗೊತ್ತಿರುವುದಿಲ್ಲ, ಏಕೆಂದರೆ ಗೆದ್ದದ್ದು ನೆನಪಿರುತ್ತದೆ, ಸೋತದ್ದು ಮಸುಕಾಗಿರುತ್ತದೆ. 'ಯಾರಿಗೆ ಎಷ್ಟು ಕೊಡಬೇಕು?' ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಹೆಸರು, ಮೊತ್ತ, ತಾರೀಖು ಇರುತ್ತವೆ. ಕಳೆದುಹೋದ ಹಣ ಇನ್ನು ಬರುವುದಿಲ್ಲ, ಕೊಡಬೇಕಾದ ಹಣ ಮನೆಗೆ ಹುಡುಕಿಕೊಂಡು ಬರುತ್ತದೆ. ಏರ್ಪಾಡು ನಿಲ್ಲಬೇಕಾದದ್ದು ಎರಡನೆಯದರ ಮೇಲೆ.

ಇನ್ನೊಂದು ವಿಷಯ. ಪತ್ರದಲ್ಲಿ ಗಣಿತದ ಪಾಠ ಬೇಡ. ಓದಿದ ಹೆಂಡತಿಯರು ಈ ತಪ್ಪು ಮಾಡುತ್ತಾರೆ. ಜೂಜು ನಡೆಸುವವರಿಗೇ ಯಾವಾಗಲೂ ಲಾಭ ಎಂಬುದು ಆಡುವವರಿಗೂ ಗೊತ್ತು. ಆದರೆ ನಿಮಗೆ ಒಳಗಿನ ಸೆಳೆತ ಅರ್ಥವಾಗಲಿ ಎಂದು ಒಂದು ಸಣ್ಣ ಲೆಕ್ಕ ಹೇಳುತ್ತೇನೆ. ಸೋತಾಗಲೆಲ್ಲ ಪಣವನ್ನು ದ್ವಿಗುಣ ಮಾಡಿದರೆ ಒಂದಲ್ಲ ಒಂದು ಸಲ ಗೆದ್ದು ಎಲ್ಲವೂ ವಾಪಸು ಬರುತ್ತದೆ ಎಂಬ ನಂಬಿಕೆ ತುಂಬ ಹಳೆಯದು. ಮೊದಲ ಪಣ 1 ಎಂದಿಟ್ಟುಕೊಳ್ಳಿ. 1, 2, 4, 8, 16, 32: ಸತತ ಆರು ಸೋಲಿಗೆ 63 ಹೋಯಿತು. ಏಳನೆಯ ಸಲ 64 ಕಟ್ಟಬೇಕು, ಗೆದ್ದರೂ ಕೊನೆಗೆ ಕೈಯಲ್ಲಿ ಹೆಚ್ಚಿಗೆ ಉಳಿಯುವುದು 1 ಮಾತ್ರ. ಆ 64 ಎಲ್ಲಿಂದ ಬರಬೇಕು? ಸಾಲದಿಂದ. ಏಳನೆಯ ಪಣದ ಮುಂದೆ ನಿಂತಿರುವ ಮನುಷ್ಯನಿಗೆ ತಾನು ಜೂಜಾಡುತ್ತಿದ್ದೇನೆ ಅನ್ನಿಸುವುದಿಲ್ಲ, ಮನೆಯ ಹಣವನ್ನು ರಕ್ಷಿಸುತ್ತಿದ್ದೇನೆ ಅನ್ನಿಸುತ್ತದೆ. 'ನಿಮಗೆ ಮನೆಯ ಚಿಂತೆಯೇ ಇಲ್ಲ' ಎಂದು ಬರೆದರೆ ಅವರು ಸಿಡಿದೇಳುವುದು ಇದಕ್ಕೇ. ಅವರ ಲೆಕ್ಕದಲ್ಲಿ ಅವರು ಮನೆಗಾಗಿಯೇ ಆಡುತ್ತಿದ್ದಾರೆ. ಆ ವಾಕ್ಯ ನಿಮ್ಮ ಪತ್ರದಲ್ಲಿ ಇರಕೂಡದು.

ಪತ್ರ ಬರೆಯುವ ಮುನ್ನ ನೀವೊಬ್ಬರೇ ಮಾಡಬೇಕಾದ ಕೆಲಸವಿದೆ. ಇದುವರೆಗೆ ಯಾವ ಸಾಲಕ್ಕೆ ಜಾಮೀನಾಗಿ ಅಥವಾ ಸಹ-ಸಾಲಗಾರಳಾಗಿ ಸಹಿ ಹಾಕಿದ್ದೀರಿ ಎಂದು ನೋಡಿಕೊಳ್ಳಿ. ಅವು ಮಾತ್ರ ಅವರ ಸಾಲವಷ್ಟೇ ಅಲ್ಲ, ನಿಮ್ಮದೂ ಹೌದು. ನಿಮ್ಮ ಸಂಬಳ ಬರುವ ಖಾತೆಯ ಪಾಸ್‌ವರ್ಡ್ ಬದಲಿಸಿ. ಒಟಿಪಿ ಬರುವ ಮೊಬೈಲ್ ರಾತ್ರಿ ಎಲ್ಲಿರುತ್ತದೆ ಎಂಬುದನ್ನೂ ಯೋಚಿಸಿ. ಇದು ಮೋಸವಲ್ಲ. ಮನೆಯಲ್ಲಿ ಒಂದು ಸಂಬಳವಾದರೂ ಕೈಗೆಟುಕದಂತೆ ಇದ್ದರೆ ಮಾತ್ರ ಮುಂದಿನ ಮಾತುಕತೆಗೆ ನೆಲವಿರುತ್ತದೆ. ನೀವು ಹೀಗೆ ಮಾಡಿದ್ದನ್ನು ಪತ್ರದಲ್ಲಿ ಬಚ್ಚಿಡದೆ ಹೇಳಿ.

ನಾನಾದರೆ ಪತ್ರವನ್ನು ಹೀಗೆ ಬರೆಯಲು ಹೇಳುತ್ತಿದ್ದೆ. ಮಾತುಗಳನ್ನು ನಿಮ್ಮದಾಗಿಸಿಕೊಳ್ಳಿ, ಆದರೆ ಒಂದೇ ಪುಟಕ್ಕೆ ನಿಲ್ಲಿಸಿ.

"ನಿಮಗೆ,

ಎದುರು ಕುಳಿತು ಹೇಳಹೊರಟರೆ ನನಗೆ ಅಳು ಬರುತ್ತದೆ, ನಿಮಗೆ ಸಿಟ್ಟು ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಓದಿದ ತಕ್ಷಣ ಉತ್ತರ ಕೊಡಬೇಕಿಲ್ಲ.

ನನಗೆ ಗೊತ್ತಿರುವುದು ಇಷ್ಟು. ಕಳೆದ ಮೂರು ತಿಂಗಳಲ್ಲಿ ನಿಮ್ಮ ಸಂಬಳ ಪೂರ್ತಿಯಾಗಿ ಮನೆಗೆ ಬಂದಿಲ್ಲ. ಬಾಡಿಗೆ ಎರಡು ಸಲ ತಡವಾಯಿತು. ಕಳೆದ ವಾರ ನಿಮ್ಮ ಸ್ನೇಹಿತರೊಬ್ಬರು ನನಗೇ ಕರೆ ಮಾಡಿ ಕೈಸಾಲದ ಬಗ್ಗೆ ಕೇಳಿದರು. ನನಗೆ ಗೊತ್ತಿಲ್ಲದ್ದು ಇನ್ನೆಷ್ಟಿದೆ ಎಂಬ ಯೋಚನೆಯಲ್ಲಿ ರಾತ್ರಿ ನಿದ್ದೆ ಬರುವುದಿಲ್ಲ. ಸಾಲದ ಮೊತ್ತಕ್ಕಿಂತ ಅದು ಗೊತ್ತಿಲ್ಲದಿರುವುದು ನನ್ನನ್ನು ಹೆಚ್ಚು ಹೆದರಿಸುತ್ತಿದೆ.

ಹೋದ ಸಲ ಒಡವೆ ಅಡವಿಟ್ಟು ಸಾಲ ತೀರಿಸಿದೆ. ಅದರಿಂದ ನಿಮಗೆ ಒಳ್ಳೆಯದಾಗಲಿಲ್ಲ, ನನಗೂ ಆಗಲಿಲ್ಲ. ಇನ್ನು ಮುಂದೆ ಜೂಜಿನ ಸಾಲಕ್ಕೆ ನನ್ನ ಉಳಿತಾಯ ಕೊಡುವುದಿಲ್ಲ, ಯಾವ ಸಾಲಕ್ಕೂ ಸಹಿ ಹಾಕುವುದಿಲ್ಲ, ನನ್ನ ತವರಿನಲ್ಲಿ ಕೇಳುವುದಿಲ್ಲ. ನನ್ನ ಖಾತೆಯ ಪಾಸ್‌ವರ್ಡ್ ಬದಲಿಸಿದ್ದೇನೆ. ನಿಮ್ಮಿಂದ ಮುಚ್ಚಿಡಬಾರದೆಂದು ಹೇಳುತ್ತಿದ್ದೇನೆ.

ಆಣೆ ಮಾಡಿ ಎಂದು ಕೇಳುವುದಿಲ್ಲ. ಎರಡು ವಿಷಯ ಮಾತ್ರ ಕೇಳುತ್ತೇನೆ. ಬರುವ ಭಾನುವಾರದೊಳಗೆ ಯಾರಿಗೆ ಎಷ್ಟು, ಯಾವಾಗ ಕೊಡಬೇಕು ಎಂಬ ಪಟ್ಟಿಯನ್ನು ಬರೆದು ಕೊಡಿ. ಅದನ್ನು ಓದುವಾಗ ನಾನು ಕೂಗಾಡುವುದಿಲ್ಲ. ಮೂರು ವಾರಗಳ ನಂತರ ಇನ್ನೊಂದು ದಿನ ಇಟ್ಟುಕೊಳ್ಳೋಣ. ಮೊದಲ ಪಟ್ಟಿಯಲ್ಲಿ ಬಿಟ್ಟುಹೋದದ್ದಿದ್ದರೆ ಆ ದಿನ ಸೇರಿಸಬಹುದು, ಏಕೆ ಬಿಟ್ಟಿರಿ ಎಂದು ನಾನು ಕೇಳುವುದಿಲ್ಲ.

ಎರಡನೆಯದು, ಮುಂದಿನ ಸಂಬಳದಿಂದ ಹದಿಮೂರು ವಾರಗಳ ಮಟ್ಟಿಗೆ ಮನೆಯ ಹಣ ನನ್ನ ಕೈಯಿಂದ ಓಡಾಡಲಿ. ನಿಮ್ಮ ಕೈಖರ್ಚು ವಾರವಾರ ನಿಮಗೆ ಸಿಗುತ್ತದೆ, ನನ್ನದೂ ಅಷ್ಟೇ. ನನ್ನ ಲೆಕ್ಕವನ್ನೂ ನೀವು ನೋಡಬೇಕು. ಸಾಲ ಕೊಟ್ಟವರಿಗೆ ತಿಂಗಳಿಗಿಷ್ಟೆಂದು ನೇರವಾಗಿ ಸಲ್ಲಿಸೋಣ. ಹದಿಮೂರು ವಾರಗಳಾದ ಮೇಲೆ ಇಬ್ಬರೂ ಕುಳಿತು, ಇದನ್ನು ಮುಂದುವರಿಸುವುದೋ ಬದಲಿಸುವುದೋ ನಿರ್ಧರಿಸೋಣ.

ವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ನೋಡಲು ಹೋಗುವುದಾದರೆ ನಾನೂ ಬರುತ್ತೇನೆ. ಬರಬೇಡ ಎಂದರೆ ಹೊರಗೆ ಕುಳಿತಿರುತ್ತೇನೆ.

ನಾನು ನಿಮ್ಮ ಮೇಲಿನ ಸಿಟ್ಟಿಗಾಗಿ ಇದನ್ನು ಬರೆದಿಲ್ಲ. ಸಿಟ್ಟು ಇದೆ. ಆದರೆ ಪತ್ರ ಬರೆದದ್ದು ಅದಕ್ಕಲ್ಲ."

ಈ ಪತ್ರದಲ್ಲಿ 'ನನಗೆ ಗೊತ್ತಿರುವುದು' ಎಂಬ ಭಾಗದಲ್ಲಿ ನೀವೇ ಕಂಡ, ಕೇಳಿದ ಸಂಗತಿಗಳು ಮಾತ್ರ ಬರಲಿ. ಒಂದೇ ಒಂದು ಊಹೆ ಸೇರಿದರೂ ಅವರು ಅದನ್ನೇ ಹಿಡಿದುಕೊಂಡು ಇಡೀ ಪತ್ರವನ್ನು ತಳ್ಳಿಹಾಕುತ್ತಾರೆ. ಮುಂದಿನ ಭಾಗದಲ್ಲಿರುವುದು ನೀವು ಮಾಡದೇ ಇರುವ ಕೆಲಸಗಳು, ಅವರಿಗೆ ಒಡ್ಡಿದ ಶಿಕ್ಷೆಗಳಲ್ಲ. 'ಹೀಗೆ ಮಾಡಿದರೆ ಮನೆ ಬಿಟ್ಟು ಹೋಗುತ್ತೇನೆ' ಎಂದು, ಹೋಗುವ ಸಿದ್ಧತೆ ಇಲ್ಲದೆ ಬರೆಯಬೇಡಿ. ನಡೆಸದ ಬೆದರಿಕೆ ಒಂದಾದರೆ, ಮುಂದೆ ನೀವು ಹೇಳುವ ನಿಜವಾದ ಮಾತಿಗೂ ಬೆಲೆ ಇರುವುದಿಲ್ಲ.

ಎರಡನೆಯ ಪಟ್ಟಿಯ ದಿನ ಏಕೆಂದು ನೀವು ಕೇಳಬಹುದು. ನನ್ನ ಅನುಭವದಲ್ಲಿ ಮೊದಲ ಪಟ್ಟಿ ಪೂರ್ತಿಯಾಗಿ ಇದ್ದದ್ದು ಅಪರೂಪ. ಬ್ಯಾಂಕಿನ ಸಾಲ ಬರೆಯುತ್ತಾರೆ, ನಿಮ್ಮ ಅಣ್ಣನ ಬಳಿ ಪಡೆದದ್ದನ್ನು ಬಿಡುತ್ತಾರೆ. ಅತಿ ಹೆಚ್ಚು ನಾಚಿಕೆ ತರುವ ಸಾಲ ಕೊನೆಗೆ ಹೊರಬರುತ್ತದೆ. ಎರಡನೆಯ ದಿನವನ್ನು ಮೊದಲೇ ಗೊತ್ತುಮಾಡಿದ್ದರೆ ಅದು ಪಟ್ಟಿಯ ಮುಂದುವರಿಕೆಯಾಗುತ್ತದೆ. ಗೊತ್ತುಮಾಡದಿದ್ದರೆ ಅದೇ ಸಾಲ ಎರಡು ತಿಂಗಳ ಮೇಲೆ ಬೇರೆಯವರ ಬಾಯಿಂದ ನಿಮಗೆ ತಿಳಿಯುತ್ತದೆ, ಆಗ ಅದು ಹೊಸ ದ್ರೋಹವಾಗಿ ಕಾಣುತ್ತದೆ, ಅಲ್ಲಿಗೆ ಏರ್ಪಾಡು ಮುರಿಯುತ್ತದೆ. ಪಟ್ಟಿಯಲ್ಲಿ ಎಲ್ಲ ಮೊತ್ತಗಳೂ ಸೊನ್ನೆಗಳಲ್ಲಿ ಮುಗಿಯುವ ದುಂಡು ಸಂಖ್ಯೆಗಳಾಗಿದ್ದರೆ ಅದನ್ನು ಕರಡು ಎಂದುಕೊಳ್ಳಿ. ಬಡ್ಡಿ ಸೇರಿದ ನಿಜವಾದ ಸಾಲ ದುಂಡಗೆ ಇರುವುದಿಲ್ಲ.

ಪತ್ರ ಕೊಡುವ ಹೊತ್ತೂ ಮುಖ್ಯ. ದೊಡ್ಡ ಸೋಲಿನ ಮರುದಿನ ಕೊಡಬೇಡಿ. ಆ ದಿನ ಅವರು ಏನು ಕೇಳಿದರೂ ಒಪ್ಪುತ್ತಾರೆ, ವಾರ ಕಳೆದ ಮೇಲೆ ಒಪ್ಪಿದ್ದು ನೆನಪಿರುವುದಿಲ್ಲ. ಸಂಬಳ ಬಂದ ದಿನವೂ ಬೇಡ, ಅಂದು ಕೈಯಲ್ಲಿ ಹಣವಿದೆ, ಮನಸ್ಸು ಬೇರೆಡೆ ಇರುತ್ತದೆ. ಸಂಬಳಕ್ಕೆ ಹತ್ತು ದಿನ ಇರುವಾಗ, ರಜೆಯ ದಿನ ಬೆಳಿಗ್ಗೆ, ಮಕ್ಕಳು ಮನೆಯಲ್ಲಿ ಇಲ್ಲದ ಹೊತ್ತಿನಲ್ಲಿ ಕೊಟ್ಟು ನೀವು ಒಂದು ಗಂಟೆ ಹೊರಗೆ ಹೋಗಿಬನ್ನಿ.

ಇನ್ನು ಏರ್ಪಾಡಿನ ಲೆಕ್ಕ. ಕೆಲವು ವರ್ಷಗಳ ಹಿಂದೆ ನನ್ನ ಬಳಿ ಬಂದಿದ್ದ ಒಂದು ದಂಪತಿಯ ಲೆಕ್ಕವನ್ನೇ ತೆಗೆದುಕೊಳ್ಳುತ್ತೇನೆ. ಮೊತ್ತಗಳನ್ನು ಹೇಳದೆ ಪಾಲುಗಳಲ್ಲಿ ಹೇಳುತ್ತೇನೆ, ನಿಮ್ಮ ಮನೆಗೆ ಹೊಂದಿಸಿಕೊಳ್ಳಲು ಸುಲಭ. ಇಬ್ಬರ ಸಂಬಳ ಸೇರಿ ತಿಂಗಳಿಗೆ 100 ಪಾಲು: ಅವರದು 60, ಆಕೆಯದು 40. ಬಾಡಿಗೆ, ಊಟ, ಮಕ್ಕಳ ಶಾಲೆ, ಓಡಾಟ, ವಿಮೆ ಎಲ್ಲ ಸೇರಿ 68. ಎರಡೂ ಪಟ್ಟಿಗಳು ಬಂದ ಮೇಲೆ ಒಟ್ಟು ಸಾಲ 320 ಪಾಲು ಎಂದಾಯಿತು, ಅಂದರೆ ಮೂರು ತಿಂಗಳ ಇಡೀ ದುಡಿಮೆಗಿಂತ ಸ್ವಲ್ಪ ಹೆಚ್ಚು. ಬ್ಯಾಂಕಿನ ವೈಯಕ್ತಿಕ ಸಾಲ 140, ಕ್ರೆಡಿಟ್ ಕಾರ್ಡ್ 60, ಅಡವಿನ ಸಾಲ 30, ಸ್ನೇಹಿತರು ಮತ್ತು ನೆಂಟರ ಕೈಸಾಲ 90. ಆ ಕೈಸಾಲದಲ್ಲಿ 50 ಪಾಲು ಎರಡನೆಯ ಪಟ್ಟಿಯಲ್ಲಿ ಬಂದದ್ದು.

ಪಟ್ಟಿ ನೋಡಿದ ಪತಿ ಉತ್ಸಾಹದಿಂದ ತಿಂಗಳಿಗೆ 30 ಪಾಲು ಸಾಲಕ್ಕೆ ಕಟ್ಟುತ್ತೇನೆ ಎಂದರು. ನಾನು ಬೇಡವೆಂದೆ. 68ಕ್ಕೆ 30 ಸೇರಿಸಿದರೆ 98. ಒಂದು ಮಗುವಿಗೆ ಜ್ವರ ಬಂದರೆ ಸಾಕು, ಹಣಕ್ಕೆ ಪರದಾಟ. ಆ ಪರದಾಟದಲ್ಲೇ 'ಒಂದೇ ಒಂದು ಗೆಲುವು ಸಿಕ್ಕರೆ ಎಲ್ಲ ಸರಿಹೋಗುತ್ತದೆ' ಎಂಬ ಯೋಚನೆ ತಲೆಯೆತ್ತುತ್ತದೆ. ಬಿಗಿಯಾದ ಏರ್ಪಾಡು ಮನುಷ್ಯನನ್ನು ಜೂಜಿನ ಕಡೆಗೇ ತಳ್ಳುತ್ತದೆ. ಕೊನೆಗೆ ನಿಂತದ್ದು ಹೀಗೆ: ಸಾಲಕ್ಕೆ 16, ಆಪತ್ತಿಗೆಂದು ಪಕ್ಕಕ್ಕೆ 6, ಇಬ್ಬರಿಗೂ ಕೈಖರ್ಚು ತಲಾ 5. ಬಡ್ಡಿಯೇ ಇಲ್ಲದಿದ್ದರೂ 320ನ್ನು 16ರಂತೆ ತೀರಿಸಲು 20 ತಿಂಗಳು ಬೇಕು, ಬಡ್ಡಿ ಸೇರಿದರೆ ಎರಡು ವರ್ಷದ ಆಸುಪಾಸು. ಪತಿಗೆ ಇದು ತುಂಬ ನಿಧಾನ ಅನ್ನಿಸಿತು. ನಿಧಾನವಾಗಿರುವುದೇ ಒಳ್ಳೆಯದು. ಎರಡು ವರ್ಷ ಪ್ರತಿ ತಿಂಗಳೂ ಕಂತು ಸಲ್ಲುವುದನ್ನು ಅವರೇ ನೋಡಬೇಕು.

ಹದಿನಾರನ್ನು ಹಂಚುವಾಗ ಮೊದಲು ಪ್ರತಿಯೊಬ್ಬರಿಗೂ ಕನಿಷ್ಠ ಕಂತು, ಉಳಿದದ್ದೆಲ್ಲ ಅತಿ ಹೆಚ್ಚು ಬಡ್ಡಿಯ ಸಾಲಕ್ಕೆ. ಸಾಮಾನ್ಯವಾಗಿ ಅದು ಕ್ರೆಡಿಟ್ ಕಾರ್ಡ್. ಕಾರ್ಡಿನ ಬಾಕಿ ಇಳಿದಂತೆಲ್ಲ ಅದರ ಮಿತಿಯನ್ನೂ ಇಳಿಸುವಂತೆ ಪತಿಯೇ ಬ್ಯಾಂಕಿಗೆ ಬರೆದು ಕೊಡಬೇಕು, ತೀರಿದ ದಿನ ಕಾರ್ಡನ್ನು ರದ್ದು ಮಾಡಿಸಬೇಕು. ಇದನ್ನು ಮರೆಯುವವರೇ ಹೆಚ್ಚು. ಕೈಸಾಲ ಕೊಟ್ಟವರ ಬಳಿಗೆ ಅವರೇ ಹೋಗಿ, ತಿಂಗಳಿಗೆ ಇಷ್ಟೇ ಕೊಡಬಲ್ಲೆ ಎಂದು ಹೇಳಿ, ಇನ್ನು ಮುಂದೆ ತಾನು ಕೇಳಿದರೂ ಕೊಡಬೇಡಿ ಎಂದೂ ಹೇಳಿಬರಬೇಕು. ಆ ಒಂದು ಮಾತು ಪತಿಯ ಬಾಯಿಂದ ಬರಬೇಕು, ಹೆಂಡತಿ ಹೋಗಿ ಹೇಳಿದರೆ ಅವಮಾನವಾಗುತ್ತದೆ. ಹಣವನ್ನು ಮಾತ್ರ ನೀವು ನೇರವಾಗಿ ಸಾಲ ಕೊಟ್ಟವರ ಖಾತೆಗೆ ಕಳಿಸಿ. ಪತಿಯ ಕೈಯಲ್ಲಿ ಕೊಟ್ಟು ಕಳಿಸಬೇಡಿ.

ಅವರ ಸಂಬಳ ನಿಮ್ಮ ಕೈಗೆ ಬರುವ ದಾರಿ ಬ್ಯಾಂಕಿನ ನಿಯಮವನ್ನು ಅವಲಂಬಿಸಿದೆ. ಇಬ್ಬರ ಸಹಿ ಇಲ್ಲದೆ ಹಣ ತೆಗೆಯಲಾಗದ ಜಂಟಿ ಖಾತೆ ಸಿಕ್ಕರೆ ಅದು ಉತ್ತಮ. ಇಲ್ಲದಿದ್ದರೆ ಸಂಬಳ ಬಂದ ದಿನವೇ ನಿಮ್ಮ ಖಾತೆಗೆ ತಾನಾಗಿ ವರ್ಗವಾಗುವಂತೆ ಸೂಚನೆ ಬರೆಸಿ. ಒಬ್ಬರ ಸಹಿಗೇ ಹಣ ಸಿಗುವ ಜಂಟಿ ಖಾತೆ ಮಾತ್ರ ಬೇಡ. ಅದು ಅವರ ಹಣವನ್ನು ಕಾಯುವುದಿಲ್ಲ, ನಿಮ್ಮದನ್ನೂ ತೆರೆದಿಡುತ್ತದೆ. ಜೂಜಿಗೆ ಹಣ ಹೋಗದಂತೆ ತಡೆಯುವ ಸೌಲಭ್ಯ ಕೆಲವು ಬ್ಯಾಂಕುಗಳಲ್ಲಿದೆ, ಜೂಜಿನ ಜಾಲತಾಣಗಳನ್ನು ಮುಚ್ಚುವ ತಂತ್ರಾಂಶಗಳೂ ಇವೆ. ಅವುಗಳನ್ನು ಹಾಕಿಸಿ, ಆದರೆ ಅವುಗಳನ್ನೇ ನಂಬಬೇಡಿ. ಇನ್ನೊಂದು ಮೊಬೈಲ್ ಸಿಗುವುದು ಕಷ್ಟವಲ್ಲ, ಆಡಲು ಹಣ ಸಿಗುವುದು ಕಷ್ಟವಾಗಬೇಕು.

ವಾರಕ್ಕೊಮ್ಮೆ, ಗೊತ್ತಾದ ದಿನ, ಇಪ್ಪತ್ತು ನಿಮಿಷ ಲೆಕ್ಕ ನೋಡಿ. ಬ್ಯಾಂಕಿನ ಖಾತೆಯನ್ನು ಅಲ್ಲೇ ತೆರೆದು ನೋಡಬೇಕು, ಮೊದಲೇ ತೆಗೆದಿಟ್ಟ ಚಿತ್ರವನ್ನಲ್ಲ. ಆ ಇಪ್ಪತ್ತು ನಿಮಿಷದಲ್ಲಿ ಹಳೆಯ ಮಾತು ಬೇಡ. ನಿಮ್ಮ ಕೈಖರ್ಚನ್ನೂ ಬರೆದು ತೋರಿಸಿ. ಒಬ್ಬ ದುಡಿಯುವ ಗಂಡಸು ಹೆಂಡತಿಯಿಂದ ವಾರದ ಹಣ ಪಡೆಯುವುದು ಸುಲಭದ ಮಾತಲ್ಲ. ಇಬ್ಬರಿಗೂ ಒಂದೇ ನಿಯಮ ಎಂಬುದು ಕಣ್ಣಿಗೆ ಕಂಡರೆ ಮಾತ್ರ ಅದು ನಡೆಯುತ್ತದೆ. ಉಳಿದ ವಾರವೆಲ್ಲ ಅವರ ಜೇಬು, ಮೊಬೈಲ್ ಹುಡುಕಬೇಡಿ. ನಿಮಗೆ ಪೊಲೀಸ್ ಕೆಲಸ, ಅವರಿಗೆ ಕಳ್ಳನ ಪಾತ್ರ ಎಂದಾದರೆ ಬಚ್ಚಿಡುವುದು ಇನ್ನೊಂದು ಆಟವಾಗುತ್ತದೆ.

ಏರ್ಪಾಡು ಒಳಗೊಳಗೇ ಸೋರುತ್ತಿದ್ದರೆ ಅದು ಎರಡು ಕಡೆ ಕಾಣಿಸುತ್ತದೆ. ಒಂದು, ಲೆಕ್ಕಕ್ಕೆ ಕೂರುವ ದಿನ ಪದೇ ಪದೇ ಮುಂದಕ್ಕೆ ಹೋಗುವುದು. ಇನ್ನೊಂದನ್ನು ಹೆಂಡತಿಯರು ಗುರುತಿಸುವುದೇ ಇಲ್ಲ: ಲೆಕ್ಕದಲ್ಲಿ ಇಲ್ಲದ ಸಂತೋಷ. ಕಾರಣವಿಲ್ಲದೆ ಒಂದು ಉಡುಗೊರೆ, ಮಕ್ಕಳಿಗೆ ದುಬಾರಿ ಆಟಿಕೆ, ಒಂದು ಸಾಲ ಅವಧಿಗೆ ಮೊದಲೇ ತೀರಿತೆಂಬ ಸುದ್ದಿ. ಗೆಲುವೂ ಜೂಜೇ. 'ಈ ಹಣ ಎಲ್ಲಿಂದ ಬಂತು?' ಎಂದು ಕೇಳಲು ಸಂಕೋಚ ಬೇಡ.

ನಾನು ಹೇಳಿದ ದಂಪತಿಯಲ್ಲಿ ಒಂಬತ್ತನೆಯ ವಾರ ಪತಿ ಮತ್ತೆ ಆಡಿದರು. ವಾರದ ಕೈಖರ್ಚು ಪೂರ್ತಿ ಹೋಯಿತು, ಸಹೋದ್ಯೋಗಿಯೊಬ್ಬರಿಂದ ಪಡೆದ 2 ಪಾಲೂ ಹೋಯಿತು. 'ಜಾರಿದರೆ ಮರುದಿನದೊಳಗೆ ಹೇಳಬೇಕು' ಎಂದು ಅವರು ಮೊದಲೇ ಒಪ್ಪಿಕೊಂಡಿದ್ದರು. ಮರುದಿನ ಹೇಳಿದರು. ಆ 2 ಪಾಲನ್ನು ಸಾಲದ ಪಟ್ಟಿಯ ಕೊನೆಗೆ ಬರೆದು, ಹದಿಮೂರು ವಾರಗಳ ಎಣಿಕೆಯನ್ನು ಮೊದಲಿನಿಂದ ಶುರುಮಾಡಿದರು. ಆಕೆ ತನ್ನ ಉಳಿತಾಯ ಮುಟ್ಟಲಿಲ್ಲ. ಇಷ್ಟೇ ನಡೆದದ್ದು, ಆದರೆ ಎರಡು ವರ್ಷಗಳಲ್ಲಿ ಮೊದಲ ಬಾರಿ ಒಂದು ಸೋಲಿನ ಸುದ್ದಿ ಆಕೆಗೆ ಗಂಡನಿಂದಲೇ ತಿಳಿದಿತ್ತು.

ಹಣದ ಏರ್ಪಾಡು ಚಿಕಿತ್ಸೆಯಲ್ಲ ಎಂಬುದನ್ನೂ ಹೇಳಬೇಕು. ಅದು ನಷ್ಟವನ್ನು ತಡೆಹಿಡಿಯುತ್ತದೆ, ಸೆಳೆತವನ್ನು ಇಳಿಸುವುದಿಲ್ಲ. ಅದಕ್ಕೆ ಮನೋವೈದ್ಯರು ಅಥವಾ ಮನಶ್ಶಾಸ್ತ್ರಜ್ಞರು ಬೇಕು. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮಾತಿನ ಚಿಕಿತ್ಸೆ ಇದಕ್ಕೆ ಸಹಾಯ ಮಾಡುತ್ತದೆ. 1957ರಲ್ಲಿ ಅಮೆರಿಕದಲ್ಲಿ ಆರಂಭವಾದ ಗ್ಯಾಂಬ್ಲರ್ಸ್ ಅನಾನಿಮಸ್ ಎಂಬ ಪರಸ್ಪರ ನೆರವಿನ ಬಳಗದ ಸಭೆಗಳು ಈಗ ಹಲವು ದೇಶಗಳಲ್ಲಿ ನಡೆಯುತ್ತವೆ. ಮನೆಯವರಿಗೆಂದು ಗ್ಯಾಮ್-ಅನಾನ್ ಎಂಬ ಬೇರೆ ಬಳಗವೂ ಇದೆ. ಮೊದಲ ಭೇಟಿಯಲ್ಲಿ ಅವರು ತೆಗೆದುಕೊಳ್ಳುವ ಎಲ್ಲ ಔಷಧಗಳ ಹೆಸರನ್ನೂ ವೈದ್ಯರಿಗೆ ಹೇಳಿ. ಪಾರ್ಕಿನ್ಸನ್ ಕಾಯಿಲೆಗೆ, ಕಾಲುಗಳ ಚಡಪಡಿಕೆಗೆ ಕೊಡುವ ಪ್ರಮಿಪೆಕ್ಸೋಲ್, ರೋಪಿನಿರೋಲ್‌ನಂಥ ಮಾತ್ರೆಗಳು ಕೆಲವರಲ್ಲಿ ಜೂಜಿನ ಗೀಳನ್ನೇ ಹುಟ್ಟಿಸುತ್ತವೆ. ಅಂಥದ್ದೇನಾದರೂ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರೇ ಬದಲಿಸಲಿ.

ಎರಡು ಸಂದರ್ಭಗಳಲ್ಲಿ ಮಾತ್ರ ಮೇಲಿನ ಕ್ರಮ ಹೊಂದುವುದಿಲ್ಲ. ಅವರು ಎಂದಾದರೂ ನಿಮ್ಮ ಮೇಲೆ ಕೈ ಮಾಡಿದ್ದರೆ ಪತ್ರವನ್ನು ಮನೆಯಲ್ಲಿ ಒಬ್ಬರೇ ಇರುವಾಗ ಕೊಡಬೇಡಿ, ಜಂಟಿ ಏರ್ಪಾಡಿನ ಮಾತೂ ಸದ್ಯಕ್ಕೆ ಬೇಡ; ನಿಮ್ಮ ಮತ್ತು ಮಕ್ಕಳ ಸುರಕ್ಷತೆಯ ದಾರಿಯನ್ನು ಮೊದಲು ನೋಡಿ. ಇನ್ನೊಂದು, ಸಾಲ ಬಯಲಾಗುವ ದಿನಗಳು ಆಡುವವರ ಪಾಲಿಗೆ ಅತಿ ಅಪಾಯದ ದಿನಗಳು. 'ನಾನಿಲ್ಲದಿದ್ದರೆ ನಿಮಗೆಲ್ಲ ಒಳ್ಳೆಯದು', 'ನನ್ನ ವಿಮೆಯ ಹಣವಾದರೂ ಬರುತ್ತದೆ' ಎಂಬಂಥ ಮಾತು ಬಂದರೆ ಅದನ್ನು ಸಿಟ್ಟಿನ ಮಾತೆಂದು ಬಿಡಬೇಡಿ. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಿ. ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ. ಪಟ್ಟಿ, ಲೆಕ್ಕ ಎಲ್ಲವೂ ಆಮೇಲೆ.

ಅವರು ಪತ್ರವನ್ನು ಓದಿ ಪಕ್ಕಕ್ಕಿಟ್ಟು ಏನೂ ಹೇಳದಿದ್ದರೆ? ಹಾಗಾಗುವುದೂ ಉಂಟು. ಆಗ ಎರಡನೆಯ ಪತ್ರ ಬರೆಯಬೇಡಿ. ನೀವು ಮಾಡುವುದಿಲ್ಲ ಎಂದು ಬರೆದದ್ದನ್ನು ಮಾಡದೇ ಇರಿ. ನಿಮ್ಮ ಸಂಬಳದಿಂದ ಬಾಡಿಗೆ, ಊಟ, ಶಾಲೆಯನ್ನು ಮೊದಲು ನೋಡಿಕೊಳ್ಳಿ. ಸಾಲ ಕೊಟ್ಟವರು ನಿಮಗೆ ಕರೆ ಮಾಡಿದರೆ 'ಅವರನ್ನೇ ಕೇಳಿ, ಅವರ ಸಂಖ್ಯೆ ನಿಮ್ಮ ಬಳಿ ಇದೆ' ಎಂದು ಹೇಳಿ ಕರೆ ಮುಗಿಸಿ; ಅವರ ಪರವಾಗಿ ಸುಳ್ಳು ನೆಪವನ್ನೂ ಹೇಳಬೇಡಿ, ವಾಯಿದೆಯನ್ನೂ ಕೇಳಬೇಡಿ. ಭಾನುವಾರ ಲೆಕ್ಕದ ಹೊತ್ತಿಗೆ ನಿಮ್ಮ ಪುಸ್ತಕವನ್ನು ತೆರೆದು ನೀವೊಬ್ಬರೇ ಕುಳಿತುಕೊಳ್ಳಿ, ಪಕ್ಕದ ಕುರ್ಚಿ ಖಾಲಿ ಇರಲಿ. ನನ್ನ ಬಳಿ ಬಂದ ಇನ್ನೊಬ್ಬ ಮಹಿಳೆ ಹೀಗೆ ಐದು ಭಾನುವಾರ ಒಬ್ಬರೇ ಕುಳಿತಿದ್ದರು. ಆರನೆಯ ಭಾನುವಾರ ಅವರ ಪತಿ ಬಂದು ಕುಳಿತು, ಮೊದಲು ಆಕೆಯ ಲೆಕ್ಕದಲ್ಲಿ ಕೂಡುವಾಗ ಆಗಿದ್ದ ಒಂದು ತಪ್ಪನ್ನು ತೋರಿಸಿದರಂತೆ.